ಪೇಪರ್ ಅಂಚಿನಲ್ಲಿ ಸಿಕ್ಕ ಪಿ ಅಲೆ

ನಾಳೆ ಮೆಡಿಸಿನ್ ಪ್ರಾಕ್ಟಿಕಲ್. ಇಸಿಜಿ ತಲೆಗೇ ಹತ್ತುತ್ತಿಲ್ಲ. ಒಂದು ರಾತ್ರಿಯಲ್ಲಿ ಕಲಿಯೋಕೆ ಆಗುತ್ತಾ?

ಎಲ್ಲ ಇಸಿಜಿಯೂ ಬರುವುದಿಲ್ಲ. ಆದರೆ ಓದುವ ಕ್ರಮ ಖಂಡಿತ ಬರುತ್ತದೆ. ನನಗೆ ಅದನ್ನು ಕಲಿಸಿದವರು ಮೆಡಿಸಿನ್ ಪಿಜಿ ಮಾಡುತ್ತಿದ್ದ ಅಕ್ಕ ಒಬ್ಬರು. ಬೆಂಗಳೂರಿನಲ್ಲಿ, ನಮ್ಮ ಕಾಲೇಜಿನ ರೀಡಿಂಗ್ ರೂಮಿನಲ್ಲಿ, ಫೈನಲ್ ಪ್ರಾಕ್ಟಿಕಲ್‌ನ ಹಿಂದಿನ ರಾತ್ರಿ.

ಅವರು ಪುಸ್ತಕ ಮುಚ್ಚಿಸಿ ಒಂದೇ ಒಂದು ಇಸಿಜಿ ಮುಂದಿಟ್ಟರು. ತಲೆ ಸುತ್ತಿ ಬಿದ್ದ ಅಜ್ಜ ಒಬ್ಬರದು. "ಕಾಯಿಲೆ ಹೆಸರು ಆಮೇಲೆ. ಮೊದಲು ಚೌಕ ಎಣಿಸು" ಅಂದರು.

ಪೇಪರ್ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಹಾಗಾಗಿ ಒಂದು ದೊಡ್ಡ ಚೌಕ ಅಂದರೆ 0.2 ಸೆಕೆಂಡ್. ಹೃದಯದ ಕೆಳಗಿನ ಕೋಣೆಗಳ ಬಡಿತ ತೋರಿಸುವ ಎರಡು ಕ್ಯೂಆರ್‌ಎಸ್ ನಡುವೆ ಎಷ್ಟು ದೊಡ್ಡ ಚೌಕ ಇವೆಯೋ ಅದರಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ. ಅಲ್ಲಿದ್ದದ್ದು 8 ಚೌಕ. ಬಡಿತ ಸುಮಾರು 37.

ಆಮೇಲೆ ಒಂದು ಬಿಳಿ ಹಾಳೆಯ ಅಂಚನ್ನು, ಮೇಲಿನ ಕೋಣೆಗಳ ಬಡಿತ ತೋರಿಸುವ ಪಿ ಅಲೆಗಳ ಕೆಳಗೆ ಇಟ್ಟು, ಅಕ್ಕಪಕ್ಕದ ಎರಡು ಪಿಗೆ ಪೆನ್ನಿನಿಂದ ಗುರುತು ಹಾಕಿಸಿದರು. ನಡುವೆ ಮೂರೂವರೆ ಚೌಕ. ಹಾಳೆ ಸರಿಸುತ್ತಾ ಹೋದೆ. ಗುರುತು ಬಿದ್ದಲ್ಲೆಲ್ಲ ಪಿ ಸಿಕ್ಕಿತು. ಒಂದು ಕಡೆ ಮಾತ್ರ ಕಾಣಲಿಲ್ಲ. ಅಲ್ಲಿ ಟಿ ಅಲೆಯ ಮೇಲೆ ಸಣ್ಣ ಉಬ್ಬು ಇತ್ತು. ಪಿ ಅದರೊಳಗೇ ಅಡಗಿತ್ತು!

ಇನ್ನು ಪಿಆರ್, ಅಂದರೆ ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ಅಂತರ. ಮೊದಲನೆಯದು ಒಂದು ಚೌಕ, ಮುಂದಿನದು ಎರಡು, ಆಮೇಲೆ ಮೂರು.

"ಅಕ್ಕ, ಉದ್ದ ಆಗ್ತಾ ಹೋಗ್ತಿದೆ. ವೆಂಕೆಬಾಕ್ ಅಲ್ವಾ?"

"ಅದರಲ್ಲಿ ಒಂದು ಬಡಿತ ತಪ್ಪುತ್ತೆ ಕಣೋ, ಕ್ಯೂಆರ್‌ಎಸ್ ಅಂತರ ಏರುಪೇರಾಗುತ್ತೆ. ಇಲ್ಲಿ ಅಳೆದು ನೋಡು."

ಅಳೆದೆ. ಎಲ್ಲ ಕಡೆ 8 ಚೌಕವೇ. ನಾಲ್ಕನೇ ಪಿಆರ್ ಬರೀ ಅರ್ಧ ಚೌಕ. ಅಂದರೆ ಮೇಲಿನ ಕೋಣೆಗಳು 85ರ ಲೆಕ್ಕದಲ್ಲಿ, ಕೆಳಗಿನವು 37ರ ಲೆಕ್ಕದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದೆ ಬಡಿಯುತ್ತಿದ್ದವು. ಕಂಪ್ಲೀಟ್ ಹಾರ್ಟ್ ಬ್ಲಾಕ್. ಕ್ಯೂಆರ್‌ಎಸ್ ಅಗಲವಾಗಿಯೂ ಇತ್ತು. ಅಂಥವರಿಗೆ ಅಟ್ರೋಪಿನ್ ಹೆಚ್ಚಾಗಿ ಕೆಲಸ ಮಾಡುವುದಿಲ್ಲ, ಪೇಸಿಂಗ್‌ಗೆ ತಯಾರಾಗಬೇಕು. ಪಿಆರ್ ಬದಲಾಗುತ್ತಿದ್ದು ಕ್ಯೂಆರ್‌ಎಸ್ ಅಂತರ ಮಾತ್ರ ಒಂದೇ ಸಮ ಇದ್ದರೆ ಇದೇ ಮೊದಲು ನೆನಪಾಗಲಿ.

ಪಿ ಅಲೆಯೇ ಇಲ್ಲದಿದ್ದರೆ ಹಾಳೆಯಿಂದ ಪಿ ಹುಡುಕುವ ಉಪಾಯ ನಡೆಯುವುದಿಲ್ಲ, ಕ್ಯೂಆರ್‌ಎಸ್ ಮಾತ್ರ ಅಳೆಯಬಹುದು. ಮರುದಿನ ನನಗೆ ಬಂದದ್ದು ಅಂಥದ್ದೇ. ಗೆರೆಯೆಲ್ಲ ನಡುಕ, ನೋಡಿದರೆ ಏಟ್ರಿಯಲ್ ಫಿಬ್ರಿಲೇಷನ್. ಅದರಲ್ಲಿ ಬಡಿತ ಅಡ್ಡಾದಿಡ್ಡಿ ಇರಬೇಕು. ಅಂಚು ಇಟ್ಟು ಅಳೆದರೆ ಕ್ಯೂಆರ್‌ಎಸ್ ಒಂದೇ ಸಮ, ನಿಧಾನ. ಜೊತೆಗೆ ಕಂಪ್ಲೀಟ್ ಬ್ಲಾಕ್ ಕೂಡ ಇದೆ ಅಂದೆ.

"ರೋಗಿ ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಕೇಳ್ತೀರಿ?" ಎಂದರು ಎಕ್ಸಾಮಿನರ್.

"ಡಿಜಾಕ್ಸಿನ್, ಸರ್."