ಆರು ಲಕ್ಷದ ಪಾಲಿಸಿ, ಹನ್ನೆರಡು ಲಕ್ಷದ ಮಾಲು

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ರೆಡಿಮೇಡ್ ಬಟ್ಟೆ ಅಂಗಡಿ. ಸಾಲ ಕೊಡುವಾಗ ಬ್ಯಾಂಕಿನವರೇ 6 ಲಕ್ಷಕ್ಕೆ ಬೆಂಕಿ ವಿಮೆ ಮಾಡಿಸಿದ್ದಾರೆ. ದೀಪಾವಳಿ ಹೊತ್ತಿಗೆ ಮಾಲು 12 ಲಕ್ಷ ದಾಟುತ್ತದೆ. ಕಳ್ಳತನವಾದರೆ, ನಾನೇ ಹಾಸಿಗೆ ಹಿಡಿದರೆ ಇದರಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ಮೊದಲು ಬೆಂಕಿಯದ್ದು ನೋಡೋಣ, ಹೆಚ್ಚಿನವರು ಎಡವುವುದು ಅಲ್ಲೇ. ದೀಪಾವಳಿಗೆ ಮುಂಚೆ ಶಾರ್ಟ್ ಸರ್ಕ್ಯೂಟ್ ಆಗಿ 4 ಲಕ್ಷದ ಬಟ್ಟೆ ಸುಟ್ಟಿತು ಅಂದುಕೊಳ್ಳಿ. ಪಾಲಿಸಿ 6 ಲಕ್ಷಕ್ಕಿದೆ, 4 ಲಕ್ಷ ಪೂರ್ತಿ ಬರುತ್ತದೆ ಎಂದು ಅನ್ನಿಸುತ್ತದೆ. ಬರುವುದಿಲ್ಲ. ಅಂಗಡಿಯಲ್ಲಿದ್ದದ್ದು 12 ಲಕ್ಷದ ಮಾಲು, ವಿಮೆ ಅದರ ಅರ್ಧಕ್ಕೆ. ಹಾಗಾಗಿ ನಷ್ಟದಲ್ಲೂ ಅರ್ಧ, ಅಂದರೆ 2 ಲಕ್ಷ ಮಾತ್ರ. ಅದೂ ಬ್ಯಾಂಕಿನ ಹೆಸರು ಪಾಲಿಸಿಯಲ್ಲಿದ್ದರೆ ಮೊದಲು ಸಾಲಕ್ಕೆ ಜಮೆಯಾಗಬಹುದು.

ಒಟ್ಟು ಆಸ್ತಿ ಮೌಲ್ಯ 5 ಕೋಟಿಯೊಳಗಿನ ಸಣ್ಣ ಉದ್ಯಮಗಳಿಗೆಂದೇ ಇರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ವಿಮಾ ಮೊತ್ತದ ಕೊರತೆ ಶೇ 15ರೊಳಗಿದ್ದರೆ ಈ ಕಡಿತವಿಲ್ಲ. ನಿಮ್ಮದು ಶೇ 50. ಸೀಸನ್‌ಗೆ ಮುಂಚೆ ವಿಮಾ ಮೊತ್ತವನ್ನು 12 ಲಕ್ಷಕ್ಕೆ ಏರಿಸಿ, ಆ ಬದಲಾವಣೆ ದಾಖಲಾದ ಎಂಡಾರ್ಸ್‌ಮೆಂಟ್ ಪತ್ರ ಕೈಗೆ ಪಡೆಯಿರಿ. ಲೆಕ್ಕ ಹಾಕುವಾಗ ಎಂಆರ್‌ಪಿ ಬೇಡ, ಖರೀದಿ ಬೆಲೆ ಹಿಡಿಯಿರಿ. ಬೇರೆ ಕಡೆ ಗೋದಾಮಿದ್ದರೆ ಆ ವಿಳಾಸವೂ ಪಾಲಿಸಿಯಲ್ಲಿರಬೇಕು. ಖರೀದಿ ಬಿಲ್ಲುಗಳ ಫೋಟೊ ಮೊಬೈಲಿನಲ್ಲೋ ಮನೆಯಲ್ಲೋ ಇರಲಿ. ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ಅವೂ ಮಾಲಿನ ಜೊತೆಗೇ ಸುಡುತ್ತವೆ.

ಮಾಮೂಲಿ ಕಳ್ಳತನ ಬೆಂಕಿ ಪಾಲಿಸಿಗೆ ಬರುವುದಿಲ್ಲ. ಅದಕ್ಕೆ ‘ಬರ್ಗ್ಲರಿ’ ವಿಮೆ ಬೇರೆ ಸೇರಿಸಬೇಕು. ಅದರಲ್ಲೂ ಷಟರ್ ಮೀಟಿದ, ಬೀಗ ಒಡೆದ ಗುರುತು ಬೇಕು. ಗಿರಾಕಿ ಸೀರೆ ಬ್ಯಾಗಿಗೆ ಹಾಕಿಕೊಂಡು ಹೋದದ್ದು, ಸ್ಟಾಕ್ ಎಣಿಸುವಾಗ ಕಡಿಮೆ ಬಂದದ್ದು ಇದಕ್ಕೆ ಸೇರದು. ಕೆಲಸದವರ ಕೈಚಳಕಕ್ಕೆ ‘ಫಿಡೆಲಿಟಿ’ ವಿಮೆ ಎಂಬುದೇ ಬೇರೆ. ಕಳ್ಳತನವಾದ ದಿನವೇ ಪೊಲೀಸ್ ದೂರು ಕೊಟ್ಟು ಕಂಪನಿಗೆ ತಿಳಿಸಿ. ನಷ್ಟ ಅಂದಾಜು ಮಾಡುವ ಸರ್ವೇಯರ್ ಬರುವ ಮೊದಲೇ ಬೀಗ ಸರಿಮಾಡಿಸಬೇಕಾಗಿ ಬಂದರೆ, ಅದಕ್ಕೂ ಮುನ್ನ ಫೋಟೊ ತೆಗೆದಿಡಿ.

ಕಾಯಿಲೆಗೆ ಅಂಗಡಿಯ ಪಾಲಿಸಿ ಏನೂ ಕೊಡದು. ಆರೋಗ್ಯ ವಿಮೆಯೂ ಆಸ್ಪತ್ರೆ ಬಿಲ್ಲನ್ನು ಕಟ್ಟುತ್ತದೆಯೇ ಹೊರತು ಅಂಗಡಿ ಬಾಡಿಗೆಯನ್ನಲ್ಲ. ಅಲ್ಲಿ ಬೇಕಾದದ್ದು ಆಪದ್ಧನ. ವ್ಯಾಪಾರವಿಲ್ಲದಿದ್ದರೂ ತಪ್ಪದ ಖರ್ಚನ್ನು ಬರೆಯಿರಿ: ಬಾಡಿಗೆ 12,000, ಹುಡುಗನ ಸಂಬಳ 10,000, ಸಾಲದ ಕಂತು 8,000, ಕರೆಂಟು 2,000, ಮನೆ ಖರ್ಚು 18,000 ಎಂದಾದರೆ ತಿಂಗಳಿಗೆ 50,000. ಮೂರು ತಿಂಗಳಿಗೆ 1.5 ಲಕ್ಷ. ಇದರಲ್ಲಿ 50,000 ಉಳಿತಾಯ ಖಾತೆಯಲ್ಲಿ, ಉಳಿದ ಲಕ್ಷ ಬೇಕೆಂದಾಗ ಮುರಿಯಬಹುದಾದ ಎಫ್‌ಡಿಯಲ್ಲಿ ಇರಲಿ. ಖಾತೆ ಅಂಗಡಿಯ ಕರೆಂಟ್ ಅಕೌಂಟಿನಿಂದ ಬೇರೆಯಾಗಿರಬೇಕು. ಇಲ್ಲವಾದರೆ ಮುಂದಿನ ಲಾಟ್ ಬಟ್ಟೆಗೆ ಅದು ಖರ್ಚಾಗಿಬಿಡುತ್ತದೆ. ನೀವು ಮಲಗಿದಾಗ ಹಣ ತೆಗೆಯಲು ಉಳಿತಾಯ ಖಾತೆಗೆ ಮನೆಯವರ ಹೆಸರನ್ನೂ ಜಂಟಿಯಾಗಿ ಸೇರಿಸಿ, ‘ಇಬ್ಬರಲ್ಲಿ ಯಾರಾದರೂ’ ಎಂಬ ಆಯ್ಕೆಯೊಂದಿಗೆ. ನಾಮಿನಿ ಮಾತ್ರ ಇದ್ದರೆ ನೀವು ಬದುಕಿರುವಾಗ ಅವರಿಗೆ ಹಣ ಸಿಗದು.