ಹೆಲಿಕಾಪ್ಟರಿನಲ್ಲಿ ಹಾಡುವ ಹಾಡು ಯಾವ ಚಿತ್ರದ್ದು?

"ನಾಯಕ ಹೆಲಿಕಾಪ್ಟರಿನಲ್ಲಿ ಕುಳಿತು, ಎಲ್ಲಿರುವೆ ಎಂದು ಹಾಡುತ್ತಾನೆ. ನಾಯಕಿ ಕಲ್ಪನಾ. ರಾಜಕುಮಾರ್ ಚಿತ್ರಗಳನ್ನೆಲ್ಲ ಹುಡುಕಿದೆ, ಸಿಗಲಿಲ್ಲ. ದನಿ ಎಸ್.ಪಿ.ಬಿ. ಅವರದು."

ನಾಯಕನನ್ನು ತಪ್ಪಾಗಿ ನೆನಪಿಟ್ಟುಕೊಂಡಿರುವುದೇ ತೊಡಕು. ದನಿಯನ್ನು ನಂಬಿ, ಮುಖವನ್ನಲ್ಲ. ರಾಜಕುಮಾರ್ ಅವರಿಗೆ ಮೊದಲು ಹೆಚ್ಚಾಗಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್, 1974ರ 'ಸಂಪತ್ತಿಗೆ ಸವಾಲ್' ನಂತರ ಬಹುಪಾಲು ರಾಜಕುಮಾರ್ ತಾವೇ ಹಾಡಿದರು. ಎಸ್.ಪಿ.ಬಿ. ದನಿ ಎಂದರೆ ಬೇರೆ ನಾಯಕನನ್ನು ಹುಡುಕುವುದು ಲೇಸು.

ಇನ್ನು ಕಾಲ. ಕಲ್ಪನಾ ತೀರಿಕೊಂಡದ್ದು 1979ರಲ್ಲಿ, ಆದ್ದರಿಂದ ಅದರಾಚೆ ಹೋಗಬೇಕಿಲ್ಲ. ಆ ವರ್ಷಗಳಲ್ಲಿ ಎಸ್.ಪಿ.ಬಿ. ದನಿಗೆ ತುಟಿಯಾಡಿಸಿದವರಲ್ಲಿ ಅನಂತನಾಗ್ ಒಬ್ಬರು. ಕಲ್ಪನಾ ಜೊತೆ ಅವರಿರುವುದು 1976ರ 'ಬಯಲು ದಾರಿ'ಯಲ್ಲಿ, ರಾಜನ್-ನಾಗೇಂದ್ರ ಸಂಗೀತ. ನೀವು ಹುಡುಕುತ್ತಿರುವುದು ಬಹುಶಃ ಅದರ "ಎಲ್ಲಿರುವೆ ಮನವ ಕಾಡುವ ರೂಪಸಿಯೇ".

ಯೂಟ್ಯೂಬಿನಲ್ಲಿ ಈ ಸಾಲನ್ನೇ ಕನ್ನಡದಲ್ಲಿ ಟೈಪ್ ಮಾಡಿ. ಬರೀ ಧ್ವನಿಯಿರುವ ತುಣುಕುಗಳ ಮೇಲಿನ ಚಿತ್ರ ಎಷ್ಟೋ ಸಲ ಬೇರೆ ಸಿನಿಮಾದ್ದು, ಹಾಗಾಗಿ ದೃಶ್ಯವಿರುವುದನ್ನೇ ತೆರೆಯಿರಿ. ಹೆಲಿಕಾಪ್ಟರ್ ಕಾಣದಿದ್ದರೆ ನನ್ನ ಊಹೆ ತಪ್ಪು. ಆಗ ನೆನಪಿರುವ ಇನ್ನೊಂದು ಸಾಲು ಬರೆಯಿರಿ.