ರಷ್ಯನ್‌ನಲ್ಲಿ ಸ್ವಾಗತ ಭಾಷಣ: ನಾಲ್ಕು ವಾಕ್ಯ ಸಾಕು

ಪ್ರಶ್ನೆ: ನಮ್ಮ ಕಾನ್ಫರೆನ್ಸಿಗೆ ರಷ್ಯಾದಿಂದ ಒಂದು ತಂಡ ಬರುತ್ತಿದೆ. ಐದು ನಿಮಿಷದ ಸ್ವಾಗತ ಭಾಷಣ ರಷ್ಯನ್‌ನಲ್ಲೇ ಮಾಡಬೇಕು ಅಂತ ನಮ್ಮ ಡೈರೆಕ್ಟರ್ ಹೇಳಿದ್ದಾರೆ. ನನಗೆ ರಷ್ಯನ್ ಬರುವುದಿಲ್ಲ. ಒಂದು ತಿಂಗಳಲ್ಲಿ ಅಕ್ಷರ ಕಲಿತು ಓದೋಕೆ ಆಗುತ್ತಾ?

ಅಕ್ಷರ ಕಲಿಯಬೇಡಿ. ಐದು ನಿಮಿಷವೂ ಬೇಡ. ಮುಕ್ಕಾಲು ನಿಮಿಷ ರಷ್ಯನ್, ಉಳಿದಿದ್ದು ಇಂಗ್ಲಿಷ್ ಅಥವಾ ಕನ್ನಡ, ದುಭಾಷಿಯ ಜೊತೆ. ಡೈರೆಕ್ಟರ್ ಒಪ್ಪದಿದ್ದರೆ ಈ ಉತ್ತರ ತೋರಿಸಿ.

ನಮ್ಮದು ಮೈಸೂರಿನಲ್ಲಿ ನಡೆದ ಕಾನ್ಫರೆನ್ಸು. ಭಾಷಣ ಹೇಳಿಕೊಟ್ಟವರು ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಓದಿ ಬಂದಿದ್ದ ನಮ್ಮ ಹಿರಿಯ ಪ್ರೊಫೆಸರ್. ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. 'ಡೊಬ್ರೊ ಪೊಜಲೋವಟ್' ಅಂತ ಶುರು ಮಾಡಿದ ಕೂಡಲೇ ಮೇಷ್ಟ್ರು ಚೀಟಿ ಕಿತ್ತುಕೊಂಡರು. "ಏನಮ್ಮಾ ಇದು, ಕನ್ನಡದಲ್ಲಿ ಬರ್ಕೋ" ಅಂದರು.

ಅವರು ಹೇಳಿದ್ದು ಸರಿಯಾಗೇ ಇತ್ತು. ರಷ್ಯನ್ನರ ತ, ದ ನಮ್ಮ ತ, ದ ಥರಾನೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಅಕ್ಷರ ನೋಡಿದರೆ ನಮ್ಮ ಬಾಯಿ ತಾನಾಗೇ ಟ, ಡ ಅನ್ನುತ್ತದೆ. ಅವರು ಪ್ರತಿ ಪದದಲ್ಲಿ ಒಂದು ಕಡೆ ಒತ್ತಿ, ಆ ಸ್ವರವನ್ನು ಸ್ವಲ್ಪ ಎಳೆಯುತ್ತಾರೆ. ನಮಗೆ ದೀರ್ಘ ಇದೆಯಲ್ಲ, ಒತ್ತಿದ ಕಡೆ ದೀರ್ಘ ಹಾಕಿದರೆ ಮುಗಿಯಿತು. ಒತ್ತು ಬೀಳದ ಕಡೆ 'ಒ' ಅಂತ ಬರೆದಿದ್ದರೂ ಬಾಯಲ್ಲಿ 'ಅ' ಆಗುತ್ತದೆ. ಅದಕ್ಕೇ ಅದು 'ದಬ್ರೋ ಪಝಾಲವತ್ಯ್'. ಕೊನೆಯ ತ್ಯ್ ಅಂದರೆ ತ್ ಹೇಳಿ, ಇನ್ನೇನು ಯ ಬರುತ್ತದೆ ಅನ್ನುವಾಗ ನಿಲ್ಲಿಸುವುದು. ನಡುವಿನ ಝ ನಮ್ಮ ಮಹಾಪ್ರಾಣ ಅಲ್ಲ. ಷ ಹೇಳುವಾಗ ನಾಲಿಗೆ ಎಲ್ಲಿ ಇರುತ್ತದೋ ಅಲ್ಲೇ ಇಟ್ಟು ಗಂಟಲಿನಿಂದ ದನಿ ಕೊಡಿ. ಇದೊಂದೇ ಸ್ವಲ್ಪ ಅಭ್ಯಾಸ ಬೇಡುತ್ತದೆ.

ಮೇಷ್ಟ್ರು ಬರೆಸಿದ್ದು ನಾಲ್ಕೇ ವಾಕ್ಯ.

ಮೊದಲನೆಯದು ತಂಡದ ಮುಖ್ಯಸ್ಥರ ಹೆಸರು ಹಿಡಿದು, ಆಮೇಲೆ ಎಲ್ಲರಿಗೂ: 'ಉವಝಾಯಿಮಿಯ್ ನಿಕಲಾಯ್ ಇವಾನವಿಚ್! ದರಗೀಯೆ ಗೋಸ್ತಿ!' ಮಾನ್ಯರೇ, ಪ್ರೀತಿಯ ಅತಿಥಿಗಳೇ ಅಂತ. ಮುಖ್ಯಸ್ಥರು ಹೆಂಗಸಾದರೆ 'ಉವಝಾಯಿಮಯ'. ಹೆಸರು ಉದಾಹರಣೆಗೆ ಹಾಕಿದ್ದೇನೆ, ನಿಮ್ಮವರದ್ದು ಬೇರೆ ಇರುತ್ತದೆ.

ಎರಡನೆಯದು ಸ್ವಾಗತ: 'ದಬ್ರೋ ಪಝಾಲವತ್ಯ್ ವ್ ಮಯ್ಸೂರ್!'

ಮೂರನೆಯದು ನನಗೆ ತುಂಬಾ ಇಷ್ಟ: 'ಪ್ಯಾತ್ಯ್ ವಿಕೋಫ್ ನಜ಼ಾತ್ ಕ್ ನಾಮ್ ವ್ ಬಿದಾರ್ ಪ್ರಿಷೋಲ್ ಅಫನಾಸಿಯ್ ನಿಕೀತಿನ್.' ಐದು ಶತಮಾನದ ಹಿಂದೆ ನಮ್ಮ ಬೀದರಿಗೆ ಅಫನಾಸಿ ನಿಕಿತಿನ್ ಬಂದಿದ್ದ ಅಂತ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ವೋಲ್ಗಾ ದಂಡೆಯ ತ್ವೇರ್ ಊರಿಂದ ಹೊರಟು ಕುದುರೆ ಮಾರುವ ಆಸೆಯಲ್ಲಿ ಇಲ್ಲಿಗೆ ಬಂದ ವ್ಯಾಪಾರಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಅವನು ಗೊತ್ತಿಲ್ಲ. ರಷ್ಯನ್ನರಿಗೆ ಗೊತ್ತು. ಆ ಹೆಸರು ಕೇಳಿದ್ದೇ ಮುಂದಿನ ಸಾಲಿನಲ್ಲಿ ಕೂತವರ ಮುಖ ಅರಳಿತು. 'ಭಾರತ ರಷ್ಯಾ ಮೈತ್ರಿ' ಅಂತ ಏನೇನೋ ಹೇಳುವುದಕ್ಕಿಂತ ಈ ಒಂದು ಸಾಲು ಎಷ್ಟೋ ವಾಸಿ.

ನಾಲ್ಕನೆಯದು: 'ಕ್ ಸಝಲ್ಯೇನಿಯು, ಯಾ ನ್ಯೆ ಗವರ್ಯೂ ಪರೂಸ್ಕಿ.' ದುರದೃಷ್ಟಕ್ಕೆ ನನಗೆ ರಷ್ಯನ್ ಬರುವುದಿಲ್ಲ.

ಈ ನಾಲ್ಕನೆಯದನ್ನು ನಾನು ತೆಗೆದುಹಾಕಿದೆ.

ಯಾಕೆ ಅಂದರೆ, ಇಷ್ಟು ಚೆನ್ನಾಗಿ ಮೂರು ವಾಕ್ಯ ಹೇಳಿ ಕೊನೆಗೆ 'ನನಗೆ ಬರಲ್ಲ' ಅಂದರೆ ಗಾಳಿ ಹೋದ ಹಾಗೆ ಆಗುತ್ತದೆ ಅನ್ನಿಸಿತು. ಅದರ ಬದಲು ಧನ್ಯವಾದ, 'ಸ್ಪಸೀಬ' ಅಂತ ಮುಗಿಸಿದೆ. ಚಪ್ಪಾಳೆ ಜೋರಾಗಿ ಬಿತ್ತು. ಉಚ್ಚಾರ ಚೆನ್ನಾಗಿದ್ದದ್ದೇ ತೊಂದರೆ ಆಯಿತು ನೋಡಿ. ಕೆಟ್ಟದಾಗಿ ಓದಿದ್ದರೆ ಬಾಯಿಪಾಠ ಅಂತ ಅವರಿಗೆ ಗೊತ್ತಾಗುತ್ತಿತ್ತು.

ಟೀ ಬ್ರೇಕಿನಲ್ಲಿ ತಂಡದ ಮುಖ್ಯಸ್ಥರು ನೇರ ನನ್ನ ಹತ್ತಿರ ಬಂದು ರಷ್ಯನ್‌ನಲ್ಲಿ ಮಾತಾಡಲು ಶುರು ಮಾಡಿದರು. ದುಭಾಷಿ ಪಕ್ಕದಲ್ಲಿ ಇರಲಿಲ್ಲ. ಈ ಮೇಡಂಗೆ ರಷ್ಯನ್ ಬರುತ್ತದೆ ಅಂದುಕೊಂಡು ಆಕೆಯೂ ಕಾಫಿಗೆ ಹೋಗಿದ್ದರು. ನಮ್ಮ ಅಭ್ಯಾಸ ನಿಮಗೆ ಗೊತ್ತಲ್ವಾ? ಎದುರಿಗಿನವರು ಮಾತಾಡುವಾಗ ಕೇಳಿಸಿಕೊಳ್ಳುತ್ತಿದ್ದೇನೆ ಅಂತ ತೋರಿಸೋಕೆ ಹೂಂ, ಹೂಂ ಅನ್ನುತ್ತೇವೆ. ಅದು ಒಪ್ಪಿಗೆ ಅಲ್ಲ, ಸುಮ್ನೆ ಹೂಂಗುಟ್ಟುವುದು. ನಾನು ಆ ಜಾಗದಲ್ಲಿ 'ದಾ, ದಾ' ಅಂತ ಹಾಕಿದೆ. ಹೌದು, ಹೌದು. ಅವರು ಖುಷಿಯಾಗಿ ಕೈ ಕುಲುಕಿ ಹೋದರು.

ಅವರು ಕೇಳಿದ್ದು ಏನು ಅಂತ ಗೊತ್ತಾಗಿದ್ದು ಊಟ ಆದಮೇಲೆ. ಮಧ್ಯಾಹ್ನದ ಪೇಪರುಗಳನ್ನು ತಮ್ಮ ತಂಡದವರು ಇಂಗ್ಲಿಷ್ ಬಿಟ್ಟು ರಷ್ಯನ್‌ನಲ್ಲೇ ಓದಬಹುದಾ, ದುಭಾಷಿಗಳು ಇರುತ್ತಾರಾ ಅಂತ ಕೇಳಿದ್ದರಂತೆ. ನಾನು ಎರಡಕ್ಕೂ 'ದಾ' ಅಂದಿದ್ದೆ. ನಾವು ದುಭಾಷಿಗಳನ್ನು ಗೊತ್ತು ಮಾಡಿದ್ದು ಬೆಳಗಿನ ಉದ್ಘಾಟನೆಗೆ ಮಾತ್ರ. ಬೂತಿನಲ್ಲಿ ಕೂತು ಮಾಡುವ ಅನುವಾದಕ್ಕೆ ಇಬ್ಬರು ಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಒಬ್ಬರಿಂದ ಒಬ್ಬರಿಗೆ ಮೈಕು ಹೋಗುತ್ತಿರುತ್ತದೆ. ಜಾಸ್ತಿ ಹೊತ್ತು ಒಬ್ಬರೇ ಮಾಡಿದರೆ ತಪ್ಪುಗಳು ಶುರುವಾಗುತ್ತವೆ. ಅಷ್ಟು ಹೊತ್ತಿಗೆ ಒಬ್ಬರು ಹೊರಟುಹೋಗಿದ್ದರು. ಉಳಿದ ಒಬ್ಬರನ್ನು ಕಾಡಿ ಬೇಡಿ ವೇದಿಕೆ ಮೇಲೆ ನಿಲ್ಲಿಸಿದೆವು. ಭಾಷಣಕಾರರು ಎರಡು ವಾಕ್ಯ ಹೇಳಿ ನಿಲ್ಲಿಸುವುದು, ಆಕೆ ಅನುವಾದ ಮಾಡುವುದು. ಹೀಗೆ ಮಾಡಿದರೆ ಸಮಯ ಹೆಚ್ಚುಕಮ್ಮಿ ಎರಡರಷ್ಟು ಹಿಡಿಯುತ್ತದೆ. ಸಂಜೆ ಓದಬೇಕಿದ್ದ ನಮ್ಮ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪೇಪರ್ ಬಿಟ್ಟೇಹೋಯಿತು. ಅವನು ಏನೂ ಅನ್ನಲಿಲ್ಲ. ಅವನ ಗೈಡ್ ಅಂದರು, ಚೆನ್ನಾಗೇ ಅಂದರು.

ಹಾಗಾಗಿ ನಾಲ್ಕನೆಯ ವಾಕ್ಯ ಬಿಡಬೇಡಿ. ಅದನ್ನೇ ಎಲ್ಲಕ್ಕಿಂತ ಚೆನ್ನಾಗಿ ಕಲಿಯಿರಿ. ಹೇಳಿದ ತಕ್ಷಣ ದುಭಾಷಿಯ ಕಡೆ ತಿರುಗಿ, ಕೈ ತೋರಿಸಿ, ಇಂಗ್ಲಿಷಿಗೆ ಹೋಗಿ. ಅವರು ನಗುತ್ತಾರೆ, ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ರೇಕಿನಲ್ಲಿ ದುಭಾಷಿ ನಿಮ್ಮ ಪಕ್ಕವೇ ಇರಲಿ. 'ದಾ' ಅನ್ನುವ ಪದ ಕಲಿಯಲೇಬೇಡಿ.

ನಿಮಗೆ ಸಂತೋಷವಾಗಿದೆ ಅಂತ ಒಂದು ವಾಕ್ಯ ಸೇರಿಸುವ ಆಸೆ ಇದ್ದರೆ ಹುಷಾರು. ಹೇಳುವವರು ಗಂಡಸಾದರೆ 'ರಾತ್', ಹೆಂಗಸಾದರೆ 'ರಾದ'. ಬೇರೆಯವರ ಭಾಷಣ ಕಾಪಿ ಮಾಡಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ.

ಇನ್ನು ಹೆಸರು. ರಷ್ಯನ್ನರಲ್ಲಿ ಹಿರಿಯರನ್ನು ಗೌರವದಿಂದ ಕರೆಯುವುದು ಸ್ವಂತ ಹೆಸರು ಮತ್ತು ತಂದೆಯ ಹೆಸರು ಸೇರಿಸಿ. ತಂದೆ ಇವಾನ್ ಆದರೆ ಮಗ ಇವಾನವಿಚ್, ಮಗಳು ಇವಾನವ್ನ. ಮನೆತನದ ಹೆಸರು ಅಲ್ಲಿ ಬರುವುದಿಲ್ಲ. ನಿಮ್ಮ ರಿಜಿಸ್ಟ್ರೇಷನ್ ಫಾರ್ಮಿನಲ್ಲಿ ಈ ತಂದೆಯ ಹೆಸರು ಇರುವುದಿಲ್ಲ, ನೋಡಿ ಬೇಕಾದರೆ. ಅವರ ಪಾಸ್‌ಪೋರ್ಟಿನಲ್ಲೂ ರಷ್ಯನ್ ಅಕ್ಷರದ ಸಾಲಿನಲ್ಲಿ ಮಾತ್ರ ಇರುತ್ತದೆ, ಇಂಗ್ಲಿಷ್ ಸಾಲಿನಲ್ಲಿ ಇಲ್ಲ. ಒತ್ತು ಎಲ್ಲಿ ಅಂತ ಬರಹ ನೋಡಿ ಹೇಳೋಕೂ ಆಗುವುದಿಲ್ಲ. ಇವಾನೋವ್ ಅನ್ನುವವರೂ ಇದ್ದಾರೆ, ಇವಾನವ್ ಅನ್ನುವವರೂ ಇದ್ದಾರೆ. ಅವರ ಕಚೇರಿಗೆ ಇವತ್ತೇ ಮೇಲ್ ಹಾಕಿ. ಮುಖ್ಯಸ್ಥರ ಪೂರ್ತಿ ಹೆಸರನ್ನು ಯಾರಾದರೂ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಲಿ. ಅದನ್ನು ಕೇಳಿಕೊಂಡು ಕನ್ನಡದಲ್ಲಿ ಬರೆದುಕೊಳ್ಳಿ, ಉಳಿದ ಮೂರು ವಾಕ್ಯ ಮೇಲಿನಿಂದ ತಗೊಳ್ಳಿ, ಊರಿನ ಹೆಸರು ಮಾತ್ರ ನಿಮ್ಮದು ಹಾಕಿ.